‘ಆರ್ಡರ್ ಬಂದ ಮೇಲೆ ಹುರಿದದ್ದು’: ಒಂದು ಕಾಫಿಬೀಜದ ದೂರು, ಎರಡು ಪತ್ರಗಳು

ಹಿನ್ನೆಲೆ

ಮುಂಬೈನ ಮುಲುಂಡಿನಲ್ಲಿ ನೆಲೆಸಿರುವ ಹಾಸನ ಕಡೆಯ ಕುಟುಂಬವೊಂದರ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಮಾರಾಟಗಾರ ಮತ್ತು ಆನ್‌ಲೈನ್ ಮಾರುಕಟ್ಟೆ ಎರಡರ ಹೆಸರನ್ನೂ ಬಿಡಲಾಗಿದೆ. ದೂರು ಕೊಟ್ಟವರನ್ನು ಇಲ್ಲಿ ಗ್ರಾಹಕಿ ಎಂದಷ್ಟೇ ಕರೆಯುತ್ತೇವೆ.

ಮನೆಯಲ್ಲಿ ದಿನಕ್ಕೆ ಎರಡು ಸಲ ಸ್ಟೀಲ್ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಸುವ ರೂಢಿ. ಮೊದಲೆಲ್ಲ ಮಾಟುಂಗಾದ ಅಂಗಡಿಯಿಂದ ಪುಡಿ ತರುತ್ತಿದ್ದರು. ಕೈಯಿಂದ ತಿರುಗಿಸುವ ಗ್ರೈಂಡರ್ ಮನೆಗೆ ಬಂದ ಮೇಲೆ ಬೀಜವನ್ನೇ ತರಿಸಿ, ಬೇಕಾದಾಗ ಬೇಕಾದಷ್ಟು ಪುಡಿ ಮಾಡಿಕೊಳ್ಳೋಣ ಎಂದುಕೊಂಡರು. ಫೆಬ್ರವರಿ 3ರಂದು ಚಿಕ್ಕಮಗಳೂರಿನ ಅರೇಬಿಕಾ ಪೀಬೆರಿ, ಮೀಡಿಯಂ ರೋಸ್ಟ್, ಅರ್ಧ ಕಿಲೋದ ಎರಡು ಪ್ಯಾಕೆಟ್ ಆರ್ಡರ್ ಮಾಡಿದರು. ಪ್ಯಾಕೆಟ್ ಒಂದಕ್ಕೆ 640 ರೂಪಾಯಿ, ಸಾಗಣೆ 60, ಒಟ್ಟು 1,340 ರೂಪಾಯಿ. ಈ ಬೀಜವನ್ನೇ ಆರಿಸಲು ಕಾರಣ ಪುಟದಲ್ಲಿದ್ದ ಒಂದು ಸಾಲು: ‘ಆರ್ಡರ್ ಬಂದ ಮೇಲೆಯೇ ಹುರಿಯುತ್ತೇವೆ, ಹುರಿದ 48 ಗಂಟೆಯೊಳಗೆ ಕಳಿಸುತ್ತೇವೆ.’ ಅದೇ ಪುಟದ ಕೆಳಭಾಗದಲ್ಲಿ ‘ಹುರಿದ ದಿನದಿಂದ 6 ತಿಂಗಳೊಳಗೆ ಬಳಸಿ’ ಎಂದೂ ಇತ್ತು. ಆ ಎರಡನೆಯ ಸಾಲನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಪ್ರಕರಣ ತಿರುಗಿದ್ದು ಅದರಿಂದಲೇ.

ಸಮಸ್ಯೆ

ಪ್ಯಾಕೆಟ್‌ಗಳು ಫೆಬ್ರವರಿ 7ರಂದು ಬಂದವು. ಒಂದನ್ನು ಬಿಚ್ಚಿ ಬೀಜವನ್ನು ಡಬ್ಬಿಗೆ ಸುರಿದರು. ಹೊಸದಾಗಿ ಹುರಿದ ಕಾಫಿಯ ಪ್ಯಾಕೆಟ್ ಬಿಚ್ಚಿದಾಗ ಅಡುಗೆಮನೆ ತುಂಬುವ ಘಮ ಬರಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಒಣ ರಟ್ಟಿನ ವಾಸನೆ, ಅದರ ಹಿಂದೆ ಹಳೆಯ ಕಡಲೆಕಾಯಿ ಎಣ್ಣೆಯಂಥ ತೆಳು ಕಮಟು. ಬೀಜದ ಮೇಲೆ ಅಲ್ಲಲ್ಲಿ ಎಣ್ಣೆಯ ಹೊಳಪಿತ್ತು. ಡಿಕಾಕ್ಷನ್ ಕಪ್ಪಗೆ ಇಳಿಯಿತು, ಹಾಲು ಬೆರೆಸಿದರೆ ಕಹಿ ಮಾತ್ರ ಉಳಿಯಿತು.

ಹುರಿಯುವಾಗ ಬೀಜದೊಳಗೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಡೀ ಬೀಜದಿಂದ ಅದು ದಿನ, ವಾರಗಳ ಕಾಲ ನಿಧಾನವಾಗಿ ಹೊರಬರುತ್ತದೆ. ಪುಡಿ ಮಾಡಿದರೆ ಬಹುಪಾಲು ನಿಮಿಷಗಳಲ್ಲೇ, ಉಳಿದದ್ದು ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಆ ಅನಿಲ ಖಾಲಿಯಾಗುತ್ತಿದ್ದಂತೆ ಘಮದ ಅಂಶಗಳೂ ಹಾರಿಹೋಗುತ್ತವೆ. ಗಾಳಿಯ ಆಮ್ಲಜನಕ ಬೀಜದ ಎಣ್ಣೆಯನ್ನು ಹಿಡಿದು ಕಮಟಾಗಿಸುತ್ತದೆ. ಮೀಡಿಯಂ ಹುರಿದ ಬೀಜದಲ್ಲಿ ಎಣ್ಣೆ ಮೊದಮೊದಲು ಒಳಗೇ ಇದ್ದು, ವಾರಗಳು ಕಳೆದಂತೆ ಮೇಲಕ್ಕೆ ಬರುತ್ತದೆ. ಹಾಗಾಗಿ ಆ ಹೊಳಪು ಒಂದು ಸುಳಿವು. ಕಪ್ಪಗೆ ಹುರಿದ ಬೀಜದಲ್ಲಾದರೆ ಮೊದಲ ದಿನವೇ ಎಣ್ಣೆ ಕಾಣುವುದರಿಂದ ಅಲ್ಲಿ ಹೊಳಪಿಗೆ ಯಾವ ಅರ್ಥವೂ ಇಲ್ಲ.

ಇಷ್ಟೆಲ್ಲ ಆದರೂ ಹಳೆಯ ಕಾಫಿಬೀಜ ಆರೋಗ್ಯಕ್ಕೆ ಕೆಟ್ಟದ್ದಲ್ಲ. ಅದರಲ್ಲಿ ತೇವ ತೀರಾ ಕಡಿಮೆ ಇರುವುದರಿಂದ ಕೊಳೆಯುವುದಿಲ್ಲ. ಕನ್ನಡದಲ್ಲಿ ‘ಹಳಸಿದ್ದು’ ಬೇರೆ, ‘ಹಳತಾದದ್ದು’ ಬೇರೆ. ನಿನ್ನೆಯ ಸಾರು ಹಳಸುತ್ತದೆ, ಕಾಫಿಬೀಜ ಹಳತಾಗುತ್ತದೆ. ಮೊದಲ ಪತ್ರ ಎಡವಿದ್ದು ಈ ವ್ಯತ್ಯಾಸದ ಮೇಲೆ.

ಮೊದಲ ಪತ್ರ

ಫೆಬ್ರವರಿ 8ರಂದು ಗ್ರಾಹಕಿ ಮಾರಾಟಗಾರನ ಚಾಟ್‌ನಲ್ಲಿ ಹಿಂದಿಯಲ್ಲಿ ಉದ್ದನೆಯ ಸಂದೇಶ ಬರೆದರು. ಮಾಲು ‘ಖರಾಬ್’ ಆಗಿದೆ, ರಟ್ಟಿನ ವಾಸನೆ ಬರುತ್ತಿದೆ, ಇದು ಮೋಸ, ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ, ಒಂದು ಸ್ಟಾರ್ ಕೊಡುತ್ತೇನೆ. ಜೊತೆಗೆ ಡಬ್ಬಿಯಲ್ಲಿದ್ದ ಬೀಜದ ಒಂದು ಫೋಟೋ ಕಳಿಸಿದರು.

ಎರಡು ದಿನದ ಮೇಲೆ ಉತ್ತರ ಬಂತು. ರುಚಿ ಅವರವರಿಗೆ ಬಿಟ್ಟದ್ದು. ಆಹಾರ ಪದಾರ್ಥವನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಮಾಲು ಕೆಟ್ಟಿಲ್ಲ, ಬಳಕೆಯ ಅವಧಿ ಇನ್ನೂ ಇದೆ. ಲೇಬಲ್ ನೋಡಿ, ಫೆಬ್ರವರಿ 4ರಂದು ಪ್ಯಾಕ್ ಆಗಿದೆ. ಮುಂದಿನ ಖರೀದಿಗೆ ಶೇ. 10 ರಿಯಾಯಿತಿ ಕೂಪನ್ ಕೊಡುತ್ತೇವೆ.

ಈ ಉತ್ತರದಲ್ಲಿ ಒಂದು ಮಾತೂ ನೇರ ಸುಳ್ಳಲ್ಲ. ‘ಖರಾಬ್’ ಎಂದಾಗ ಗ್ರಾಹಕಿ ಕೆಟ್ಟುಹೋದ ಆಹಾರದ ದೂರು ಕೊಟ್ಟಂತಾಯಿತು, ಮಾರಾಟಗಾರ ಆ ದೂರಿಗೇ ಉತ್ತರಿಸಿದ. ವಾಸನೆಯ ಮಾತಿಗೆ ರುಚಿಭೇದದ ಮಾತಿನಿಂದ ಉತ್ತರ ಬಂತು. ‘ಆರ್ಡರ್ ಬಂದ ಮೇಲೆಯೇ ಹುರಿಯುತ್ತೇವೆ’ ಎಂಬ ಸಾಲಿನ ಪ್ರಸ್ತಾಪ ಪತ್ರದಲ್ಲಿ ಇರಲೇ ಇಲ್ಲ. ಹಾಗಾಗಿ ಉತ್ತರದಲ್ಲೂ ಬರಲಿಲ್ಲ. ಬೆದರಿಕೆಯಿಂದ ಬಂದದ್ದು ಕೂಪನ್ ಮಾತ್ರ.

ಈ ಹಂತದಲ್ಲಿ ಗ್ರಾಹಕಿ ಒಂದು ಒಳ್ಳೆಯ ನಿರ್ಧಾರ ತೆಗೆದುಕೊಂಡರು. ಕೂಪನ್ ಬಳಸಲಿಲ್ಲ, ಎರಡನೆಯ ಪ್ಯಾಕೆಟ್ ಬಿಚ್ಚಲಿಲ್ಲ, ಮೊದಲನೆಯದರ ಕವರ್ ಎಸೆಯಲಿಲ್ಲ.

ಪ್ಯಾಕ್ ಆದ ದಿನ, ಹುರಿದ ದಿನ

ಅವರ ಅಕ್ಕನ ಗಂಡ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬಹಳ ವರ್ಷ ಇದ್ದವರು. ಫೆಬ್ರವರಿ 15ರ ಸುಮಾರಿಗೆ ಮುಲುಂಡಿಗೆ ಬಂದಿದ್ದಾಗ ಗ್ರಾಹಕಿ ಬೀಜವನ್ನು ಅವರ ಮುಂದಿಟ್ಟರು. ಅವರು ಬೀಜಕ್ಕಿಂತ ಹೆಚ್ಚು ಹೊತ್ತು ಕವರ್ ನೋಡಿದರು.

“ಭಾವ, ಪ್ಯಾಕ್ ಮಾಡಿ ಮೂರು ದಿನಕ್ಕೆ ಬಂದಿದೆ ಅಂತಾರಲ್ಲ, ಅದಕ್ಕೆ ಏನು ಹೇಳೋದು?”

“ಪ್ಯಾಕ್ ಮಾಡಿದ್ದು ಯಾವತ್ತು ಅಂತ ಹೇಳಿದಾರೆ ಕಣಮ್ಮ. ಹುರಿದದ್ದು ಯಾವತ್ತು ಅಂತ ನೀನೂ ಕೇಳಿಲ್ಲ, ಅವರೂ ಹೇಳಿಲ್ಲ.”

ಇಲ್ಲಿಂದ ಪ್ರಕರಣದ ದಿಕ್ಕು ಬದಲಾಯಿತು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಾವಳಿಯಂತೆ ಪ್ಯಾಕೆಟ್ ಮೇಲೆ ತಯಾರಿಕೆಯ ಅಥವಾ ಪ್ಯಾಕ್ ಮಾಡಿದ ದಿನಾಂಕ ಇರಬೇಕು, ಬಳಕೆಯ ಕೊನೆಯ ದಿನಾಂಕವೂ ಇರಬೇಕು. ‘ಅಥವಾ’ ಎಂದಿರುವುದರಿಂದ ದೊಡ್ಡ ಚೀಲದಲ್ಲಿ ತಿಂಗಳುಗಟ್ಟಲೆ ಕುಳಿತ ಬೀಜವನ್ನು ಇವತ್ತು ಅರ್ಧ ಕಿಲೋ ಕವರ್‌ಗೆ ತುಂಬಿ ಇವತ್ತಿನ ದಿನಾಂಕ ಒತ್ತುವುದಕ್ಕೆ ಎಡೆಯಿದೆ. ಕಾಫಿ ಹಳತಾಗುವ ಲೆಕ್ಕ ಶುರುವಾಗುವುದು ಮಾತ್ರ ಹುರಿದ ದಿನದಿಂದ. ಹುರಿಯುವುದರಲ್ಲಿ ಪಳಗಿದ ಚಿಕ್ಕ ಮಾರಾಟಗಾರರು ಹುರಿದ ದಿನವನ್ನು ಪ್ರತ್ಯೇಕವಾಗಿ ಅಚ್ಚು ಹಾಕುವುದು ಇದಕ್ಕಾಗಿಯೇ.

ಕವರ್‌ನ ಹಿಂದೆ ಇನ್ನೊಂದು ದಿನಾಂಕವಿತ್ತು: ಏಪ್ರಿಲ್ 11ರೊಳಗೆ ಬಳಸಿ. ಮಾರಾಟಗಾರನ ಪುಟವೇ ಹೇಳುವಂತೆ ಅವಧಿ ಹುರಿದ ದಿನದಿಂದ 6 ತಿಂಗಳು. ಏಪ್ರಿಲ್ 11ರಿಂದ ಆರು ತಿಂಗಳು ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 11. ಅಲ್ಲಿಂದ ಫೆಬ್ರವರಿ 4ಕ್ಕೆ 116 ದಿನ. ಆರ್ಡರ್ ಬಂದದ್ದು ಫೆಬ್ರವರಿ 3ರಂದು. ಆರ್ಡರ್ ಬಂದ ಮೇಲೆ ಹುರಿದಿದ್ದರೆ ಕವರ್ ಮೇಲೆ ಆಗಸ್ಟ್ ತಿಂಗಳು ಇರಬೇಕಿತ್ತು.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಹಳೆಯ ದಿನಾಂಕ ಅಚ್ಚಾದ ಕವರ್‌ಗೆ ಹೊಸ ಬೀಜ ತುಂಬಿರಬಹುದು, ಅಚ್ಚಿನ ಯಂತ್ರದಲ್ಲಿ ತಿಂಗಳು ತಪ್ಪಿರಬಹುದು. ಆದ್ದರಿಂದ ಅದನ್ನು ಆರೋಪವಾಗಿ ಬರೆಯದೆ ಪ್ರಶ್ನೆಯಾಗಿ ಬರೆಯಬೇಕು ಎಂದು ತೀರ್ಮಾನವಾಯಿತು. ಪ್ರಶ್ನೆಗೆ ಉತ್ತರ ಕೊಡುವ ದಾಖಲೆ, ಅಂದರೆ ಹುರಿದ ಬ್ಯಾಚಿನ ಲೆಕ್ಕ, ಮಾರಾಟಗಾರನ ಬಳಿಯೇ ಇರುತ್ತದೆ.

ಉಬ್ಬಿಸಿ ನೋಡಿದ್ದು

ಪತ್ರಕ್ಕೆ ಜೊತೆಯಾಗಿ ಒಂದು ಪರೀಕ್ಷೆ ಮಾಡಿದರು. ಹೊಸ ಕಾಫಿಪುಡಿಯ ಮೇಲೆ ಬಿಸಿನೀರು ಬಿದ್ದಾಗ ಒಳಗಿನ ಅನಿಲ ನುಗ್ಗಿ ಬಂದು ಪುಡಿ ಉಬ್ಬುತ್ತದೆ, ಗುಳ್ಳೆ ಏಳುತ್ತದೆ. ಕಾಫಿಯವರು ಇದನ್ನು ಬ್ಲೂಮ್ ಎನ್ನುತ್ತಾರೆ. ಅನಿಲ ಖಾಲಿಯಾದ ಬೀಜದ ಪುಡಿ ಸುಮ್ಮನೆ ಒದ್ದೆಯಾಗುತ್ತದೆ.

ಹೋಲಿಕೆಗೆಂದು ಮಾಟುಂಗಾದ ಅಂಗಡಿಯೊಂದರಿಂದ ಒಂದು ವಾರದ ಹಿಂದೆ ಹುರಿದ ಮೀಡಿಯಂ ರೋಸ್ಟ್ ಅರೇಬಿಕಾ 100 ಗ್ರಾಂ ತಂದರು. ಹುರಿದ ಹದ ಒಂದೇ ಇರಬೇಕಾದದ್ದು ಮುಖ್ಯ. ಕಪ್ಪಗೆ ಹುರಿದ ಬೀಜದಲ್ಲಿ ಅನಿಲ ಹೆಚ್ಚು ಹುಟ್ಟುತ್ತದೆ, ಬೇಗ ಹೋಗುತ್ತದೆ. ಅಂಥದ್ದರ ಜೊತೆ ಹೋಲಿಸಿದರೆ ಪರೀಕ್ಷೆಗೆ ಬೆಲೆ ಇರುವುದಿಲ್ಲ. ಎರಡರಿಂದಲೂ ತಲಾ 15 ಗ್ರಾಂ ತೂಗಿ, ಗ್ರೈಂಡರನ್ನು ಒಂದೇ ಹದದಲ್ಲಿಟ್ಟು ಪುಡಿ ಮಾಡಿ, ಎರಡು ಗಾಜಿನ ಲೋಟಕ್ಕೆ ಹಾಕಿದರು. ಪುಡಿ ಮಾಡಿದ ತಕ್ಷಣ ನೀರು ಹಾಕಬೇಕು, ತಡ ಮಾಡಿದರೆ ಅನಿಲ ತಾನಾಗಿಯೇ ಹೋಗಿಬಿಡುತ್ತದೆ. ಕುದಿದ ನೀರನ್ನು ಅರ್ಧ ನಿಮಿಷ ಆರಲು ಬಿಟ್ಟು ತಲಾ 40 ಮಿಲಿಲೀಟರ್ ಸುರಿದರು. ಲೋಟಗಳ ಪಕ್ಕ ಆ ದಿನದ ಪತ್ರಿಕೆ ಇಟ್ಟು, ತೂಗಿದ್ದರಿಂದ ನೀರು ಸುರಿದವರೆಗೆ ಎಲ್ಲೂ ಕತ್ತರಿಸದ ಒಂದೇ ವಿಡಿಯೋ ತೆಗೆದರು.

ಅಂಗಡಿಯ ಪುಡಿ ಗುಮ್ಮಟದಂತೆ ಎದ್ದು ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಗುಳ್ಳೆ ಬಿಡುತ್ತಿತ್ತು. ಆನ್‌ಲೈನ್‌ನಲ್ಲಿ ಬಂದ ಬೀಜದ ಪುಡಿ ಕೆಸರಿನಂತೆ ಕುಳಿತಿತು, ಅಂಚಿನಲ್ಲಿ ನಾಲ್ಕೈದು ಗುಳ್ಳೆ ಕಂಡವು, ಅಷ್ಟೇ.

ಇಲ್ಲೊಂದು ತೊಡಕಿತ್ತು. ಡಬ್ಬಿಯ ಬೀಜ ಅಷ್ಟರಲ್ಲಿ ಎಂಟು ದಿನದಿಂದ ತೆರೆದದ್ದು. ಬಿಚ್ಚಿದ್ದರಿಂದಲೇ ಹೀಗಾಯಿತು ಎಂದು ಮಾರಾಟಗಾರ ಹೇಳಬಹುದು. ಮುಚ್ಚಿದ ಪ್ಯಾಕೆಟ್ ಬಿಚ್ಚಿ ಪರೀಕ್ಷೆ ಮಾಡಿದರೆ ಉತ್ತರ ಗಟ್ಟಿಯಾಗುತ್ತಿತ್ತು, ಆದರೆ ವಾಪಸು ಕೊಡಲು ಮುಟ್ಟದ ಮಾಲು ಉಳಿಯುತ್ತಿರಲಿಲ್ಲ. ಬಿಚ್ಚದಿರುವುದೇ ಮೇಲು ಎಂದು ತೀರ್ಮಾನಿಸಿದರು, ಅದು ಸರಿಯಾದ ತೀರ್ಮಾನ. ಎಂಟು ದಿನದ ವಿಷಯವನ್ನು ಮುಚ್ಚಿಡದೆ ಪತ್ರದಲ್ಲೇ ಬರೆದರು. ಇನ್ನೊಬ್ಬರು ಎತ್ತಬಹುದಾದ ಆಕ್ಷೇಪವನ್ನು ನಾವೇ ಮೊದಲು ಹೇಳಿದರೆ ಪತ್ರದ ಉಳಿದ ಮಾತಿಗೂ ತೂಕ ಬರುತ್ತದೆ. ಅದೂ ಅಲ್ಲದೆ ಬ್ಲೂಮ್ ಪರೀಕ್ಷೆ ಹುರಿದ ದಿನಾಂಕವನ್ನು ಹೇಳುವುದಿಲ್ಲ. ಅನಿಲ ಉಳಿದಿದೆಯೋ ಇಲ್ಲವೋ ಎಂಬುದನ್ನಷ್ಟೇ ತೋರಿಸುತ್ತದೆ. ದೂರಿನ ಭಾರ ಹೊರಬೇಕಾದದ್ದು ಕವರ್ ಮೇಲಿನ ದಿನಾಂಕ, ವಿಡಿಯೋ ಅದಕ್ಕೆ ಊರುಗೋಲು ಮಾತ್ರ.

ಪ್ಯಾಕೆಟ್ ಚಪ್ಪಟೆಯಾಗಿ ಬಂದದ್ದನ್ನೂ ಸೇರಿಸೋಣವೇ ಎಂಬ ಮಾತು ಬಂತು, ಬಿಟ್ಟರು. ಒಳಗಿನ ಅನಿಲವನ್ನು ಹೊರಗೆ ಬಿಡುವ ಚಿಕ್ಕ ವಾಲ್ವ್ ಕವರ್‌ನಲ್ಲಿತ್ತು. ಅಂಥ ಕವರ್ ಹೊಸ ಬೀಜವಿದ್ದರೂ ಉಬ್ಬಿರಬೇಕೆಂದಿಲ್ಲ.

ಎರಡನೆಯ ಪತ್ರ

ಬರೆಯುವ ಮೊದಲು ಮಾರಾಟದ ಪುಟ ತೆರೆದು ನೋಡಿದರೆ ‘ಆರ್ಡರ್ ಬಂದ ಮೇಲೆಯೇ ಹುರಿಯುತ್ತೇವೆ’ ಎಂಬ ಸಾಲು ಇರಲಿಲ್ಲ, ‘ತಾಜಾ ಪ್ಯಾಕ್ ಮಾಡಿದ್ದು’ ಎಂದಾಗಿತ್ತು. ಗ್ರಾಹಕಿಯ ಅದೃಷ್ಟಕ್ಕೆ, ಆರ್ಡರ್ ಮಾಡುವ ಮುನ್ನ ‘ಇದು ತರಿಸಲಾ?’ ಎಂದು ಅಕ್ಕನಿಗೆ ವಾಟ್ಸ್ಆ್ಯಪ್‌ನಲ್ಲಿ ಪುಟದ ಸ್ಕ್ರೀನ್‌ಶಾಟ್ ಕಳಿಸಿದ್ದರು. ದಿನಾಂಕ, ಸಮಯದ ಸಮೇತ ಅದು ಉಳಿದಿತ್ತು. ಇದು ಇಲ್ಲದಿದ್ದರೆ ಪ್ರಕರಣ ಇಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚಿತ್ತು. ಹಾಗಾಗಿ ಹಣ ಕಟ್ಟುವ ಮೊದಲು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಚಿತ್ರ ತೆಗೆದಿಟ್ಟುಕೊಳ್ಳುವುದು ಉತ್ತಮ.

ಫೆಬ್ರವರಿ 16ರಂದು ಪತ್ರ ಇಮೇಲ್‌ನಲ್ಲಿ ಹೋಯಿತು. ಚಾಟ್‌ಗೆ ಬದಲು ಮಾರಾಟಗಾರನ ಮತ್ತು ಆನ್‌ಲೈನ್ ಮಾರುಕಟ್ಟೆಯ ಕುಂದುಕೊರತೆ ಅಧಿಕಾರಿಗಳ ವಿಳಾಸಕ್ಕೆ ಒಟ್ಟಿಗೆ ಕಳಿಸಿದರು. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳಂತೆ ಈ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಚಾಟ್‌ನಲ್ಲಿ ಬರೆದರೆ ಆ ಗಡಿಯಾರ ಓಡುತ್ತಿದೆಯೆಂದು ತೋರಿಸುವುದು ಕಷ್ಟ. ಇಂಗ್ಲಿಷಿನಲ್ಲಿ ಹೋದ ಆ ಪತ್ರದ ಕನ್ನಡ ರೂಪ ಹೀಗಿದೆ:

“ಮಾನ್ಯರೇ, ಫೆಬ್ರವರಿ 3ರಂದು ನಿಮ್ಮಿಂದ ಅರ್ಧ ಕಿಲೋದ ಎರಡು ಪ್ಯಾಕೆಟ್ ಪೀಬೆರಿ ಬೀಜ ತರಿಸಿದ್ದೇನೆ. ಆರ್ಡರ್ ಸಂಖ್ಯೆ ಮತ್ತು ಎರಡೂ ಪ್ಯಾಕೆಟ್‌ಗಳ ಬ್ಯಾಚ್ ಸಂಖ್ಯೆ ಕೆಳಗಿವೆ. ಎರಡೂ ಒಂದೇ ಬ್ಯಾಚಿನವು.

ಆರ್ಡರ್ ಬಂದ ಮೇಲೆಯೇ ಹುರಿದು 48 ಗಂಟೆಯೊಳಗೆ ಕಳಿಸುತ್ತೇವೆ ಎಂದು ಆ ದಿನ ನಿಮ್ಮ ಪುಟದಲ್ಲಿತ್ತು (ಚಿತ್ರ 1). ಹುರಿದ ದಿನದಿಂದ 6 ತಿಂಗಳು ಬಳಸಬಹುದು ಎಂದೂ ಇತ್ತು (ಚಿತ್ರ 2). ಪ್ಯಾಕೆಟ್ ಮೇಲೆ ಏಪ್ರಿಲ್ 11ರೊಳಗೆ ಬಳಸಿ ಎಂದಿದೆ (ಚಿತ್ರ 3). ಇದರ ಪ್ರಕಾರ ಬೀಜ ಅಕ್ಟೋಬರ್ 11ರ ಸುಮಾರಿಗೆ ಹುರಿದದ್ದು ಎಂದಾಗುತ್ತದೆ. ಈ ಬ್ಯಾಚನ್ನು ಹುರಿದ ದಿನಾಂಕ ಯಾವುದೆಂದು ದಯವಿಟ್ಟು ತಿಳಿಸಿ.

ಒಂದು ವಾರದ ಹಿಂದೆ ಹುರಿದ ಬೀಜದ ಜೊತೆ ಹೋಲಿಸಿದ ವಿಡಿಯೋ ಲಗತ್ತಿಸಿದ್ದೇನೆ. ಆಗ ನನ್ನ ಪ್ಯಾಕೆಟ್ ಬಿಚ್ಚಿ ಎಂಟು ದಿನವಾಗಿತ್ತು. ಎರಡನೆಯ ಪ್ಯಾಕೆಟ್ ಬಿಚ್ಚದೆ ಇಟ್ಟಿದ್ದೇನೆ, ನೀವೇ ತೆಗೆದುಕೊಂಡು ಪರೀಕ್ಷಿಸಬಹುದು.

ಮಾಲು ಆರೋಗ್ಯಕ್ಕೆ ಹಾನಿಕರ ಎಂದು ನಾನು ಹೇಳುತ್ತಿಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣ ಅದಕ್ಕಿಲ್ಲ ಎನ್ನುತ್ತಿದ್ದೇನೆ. ಅಂಥ ಮಾಲನ್ನು ವಾಪಸು ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು ಇ-ಕಾಮರ್ಸ್ ನಿಯಮ 6 ಹೇಳುತ್ತದೆ. ಎರಡೂ ಪ್ಯಾಕೆಟ್ ಹಿಂಪಡೆದು 1,340 ರೂಪಾಯಿ ಮರಳಿಸಬೇಕೆಂದು ಕೋರುತ್ತೇನೆ. ಬದಲಿ ಮಾಲು ಅಥವಾ ಕೂಪನ್ ಬೇಡ. ಮಾರ್ಚ್ 2ರೊಳಗೆ ಉತ್ತರ ನಿರೀಕ್ಷಿಸುತ್ತೇನೆ.”

ನ್ಯಾಯಾಲಯ, ರೇಟಿಂಗ್, ಮೋಸ ಎಂಬ ಪದಗಳು ಈ ಪತ್ರದಲ್ಲಿಲ್ಲ. ಅಷ್ಟೇ ಮುಖ್ಯವಾಗಿ, ವಾಸನೆಯ ವರ್ಣನೆಯೂ ಇಲ್ಲ. ಆಹಾರದ ಜಾಹೀರಾತು ಕುರಿತ 2018ರ ನಿಯಮಾವಳಿಯನ್ನೂ ಸೇರಿಸುವ ಯೋಚನೆಯಿತ್ತು. ‘ತಾಜಾ’ ಎಂಬ ಪದ ಯಾವ ಕೆಲಸದ ಜೊತೆ ಬರುತ್ತದೋ ಆ ಕೆಲಸ ಆಗಷ್ಟೇ ನಡೆದಿದೆ ಎಂಬುದನ್ನು ಬಿಟ್ಟು ಬೇರೆ ಅರ್ಥ ಕೊಡಬಾರದು ಎನ್ನುತ್ತದೆ ಅದು. ಅದನ್ನು ಮುಂದಿನ ಹಂತಕ್ಕೆಂದು ಕಾದಿರಿಸಿದರು. ಎರಡು ಕಾನೂನು ಎತ್ತಿದರೆ ಮಾರಾಟಗಾರ ಸುಲಭವಾದದ್ದಕ್ಕೆ ಉತ್ತರಿಸಿ ಇನ್ನೊಂದನ್ನು ಬಿಟ್ಟುಬಿಡುತ್ತಾನೆ.

ಏನಾಯಿತು

ಮಾರುಕಟ್ಟೆಯಿಂದ ಮರುದಿನವೇ ಸ್ವೀಕೃತಿ ಬಂತು. ಫೆಬ್ರವರಿ 20ರಂದು ಮಾರಾಟಗಾರ ಬರೆದ: ಮುಚ್ಚಿದ ಪ್ಯಾಕೆಟ್‌ನ 640 ರೂಪಾಯಿ ಮರಳಿಸುತ್ತೇವೆ, ಬಿಚ್ಚಿದ್ದಕ್ಕೆ ಬದಲಿ ಪ್ಯಾಕೆಟ್ ಕಳಿಸುತ್ತೇವೆ. ಹುರಿದ ದಿನಾಂಕದ ಪ್ರಶ್ನೆಗೆ ಉತ್ತರವಿರಲಿಲ್ಲ.

ಮನೆಯಲ್ಲಿ ಇದನ್ನು ಒಪ್ಪಿಬಿಡೋಣ ಎಂಬ ಮಾತು ನಡೆಯಿತು. ಅರ್ಧ ಹಣ, ಅರ್ಧ ಮಾಲು, ನಷ್ಟವೇನಿಲ್ಲ. ಆದರೆ ಬದಲಿ ಪ್ಯಾಕೆಟ್ ಅದೇ ದಾಸ್ತಾನಿನಿಂದ ಬಂದರೆ ಎರಡನೆಯ ಸಲ ದೂರಲು ದಾರಿ ಇರುವುದಿಲ್ಲ. ಗ್ರಾಹಕಿ ಎರಡೇ ಸಾಲಿನ ಉತ್ತರ ಕಳಿಸಿದರು: ಬಿಚ್ಚಿದ ಪ್ಯಾಕೆಟ್ ಕೂಡ ಅದೇ ಬ್ಯಾಚಿನದು, ಸುಮಾರು 60 ಗ್ರಾಂ ಮಾತ್ರ ಬಳಸಿದೆ. ಹುರಿದ ದಿನಾಂಕ ತಿಳಿಸಿದರೆ ಬದಲಿ ಮಾಲಿನ ಬಗ್ಗೆ ಯೋಚಿಸುತ್ತೇನೆ, ಇಲ್ಲದಿದ್ದರೆ ಹಣವೇ ಬೇಕು.

ಉತ್ತರ ಈ ಸಲ ಬೇಗ ಬಂತು. ದೊಡ್ಡ ಪ್ಯಾಕೆಟ್‌ಗಳಿಗೆ ಬೀಜವನ್ನು ಒಟ್ಟಿಗೆ ಹುರಿದು ಇಡುತ್ತೇವೆ, ಆರ್ಡರ್ ಮೇಲೆ ಹುರಿಯುವುದು 250 ಗ್ರಾಂ ಪ್ಯಾಕೆಟ್‌ಗಳಿಗೆ ಮಾತ್ರ, ಪುಟದ ಬರಹ ತಪ್ಪಾಗಿ ಇಲ್ಲಿಗೂ ಸೇರಿತ್ತು ಎಂದು ಮಾರಾಟಗಾರ ತಿಳಿಸಿದ. ಅಕ್ಟೋಬರ್ ಎಂದು ಕೊನೆಗೂ ಬಾಯಿಬಿಟ್ಟು ಹೇಳಲಿಲ್ಲ. ಫೆಬ್ರವರಿ 25ರಂದು ಕೊರಿಯರ್ ಬಂದು ಎರಡೂ ಪ್ಯಾಕೆಟ್ ಒಯ್ದಿತು. ಕೊಡುವ ಮೊದಲು ಎರಡನ್ನೂ ತಕ್ಕಡಿಯ ಮೇಲಿಟ್ಟು ಫೋಟೋ ತೆಗೆದುಕೊಂಡಿದ್ದರು. ಮಾರ್ಚ್ 3ರಂದು 1,280 ರೂಪಾಯಿ ಖಾತೆಗೆ ಬಂತು. ಸಾಗಣೆಯ 60 ರೂಪಾಯಿ ಬರಲಿಲ್ಲ, ಗ್ರಾಹಕಿ ಅದನ್ನು ಬೆನ್ನು ಹತ್ತಲಿಲ್ಲ.

ಬೇರೆಯವರು ಈ ದಾರಿ ಹಿಡಿಯುವಾಗ

ಉತ್ತರವೇ ಬರದಿದ್ದರೆ ಮುಂದಿನ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಮಾರಾಟಗಾರನ ಊರಿಗೆ ಹೋಗಬೇಕಾಗಿಲ್ಲ. ಕಾಲಾವಕಾಶ ಎರಡು ವರ್ಷ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ. ಅಲ್ಲಿಯೂ ಕೇಳುವುದು ಇದೇ ನಾಲ್ಕು ಕಾಗದ: ಪುಟದ ಚಿತ್ರ, ಲೇಬಲ್‌ನ ಚಿತ್ರ, ಬಿಲ್ಲು, ಪತ್ರವ್ಯವಹಾರ.

ಈ ಪ್ರಕರಣದಲ್ಲಿ ಲೇಬಲ್ ತಾನೇ ಸಾಕ್ಷಿ ಹೇಳಿತು. ಎಲ್ಲ ಕಡೆ ಹಾಗಾಗುವುದಿಲ್ಲ. ಕೊನೆಯ ದಿನಾಂಕವನ್ನು ಪ್ಯಾಕ್ ಮಾಡಿದ ದಿನದಿಂದಲೇ ಲೆಕ್ಕ ಹಾಕಿ ಒತ್ತಿದ್ದರೆ ಹಿಂದಕ್ಕೆ ಎಣಿಸಿ ಪ್ರಯೋಜನವಿಲ್ಲ. ಆಗ ಮೊದಲ ಪತ್ರದಲ್ಲೇ ಹುರಿದ ದಿನಾಂಕ ಕೇಳಬೇಕು. ‘ಆರ್ಡರ್ ಬಂದ ಮೇಲೆ ಹುರಿದೆವು’ ಎನ್ನುವವನಿಗೆ ಆ ದಿನಾಂಕ ಗೊತ್ತಿಲ್ಲದಿರಲು ಸಾಧ್ಯವಿಲ್ಲ, ಹಾಗಾಗಿ ಅವನು ಉತ್ತರ ಕೊಡದಿರುವುದನ್ನೇ ಮುಂದಿನ ಹಂತದಲ್ಲಿ ಎತ್ತಿ ತೋರಿಸಬಹುದು.

ಪುಡಿ ತರಿಸಿದವರು ಬ್ಲೂಮ್ ಪರೀಕ್ಷೆಯನ್ನು ನೆಚ್ಚಬಾರದು. ಪುಡಿಯಾದ ಕಾಫಿಯ ಅನಿಲ ದಾರಿಯಲ್ಲೇ ಹೋಗಿರುತ್ತದೆ, ಮೊನ್ನೆ ಹುರಿದದ್ದಾದರೂ ಸರಿಯಾಗಿ ಉಬ್ಬುವುದಿಲ್ಲ. ಚಿಕೋರಿ ಬೆರೆತಿದ್ದರಂತೂ ವಿಡಿಯೋದಿಂದ ಏನೂ ತಿಳಿಯುವುದಿಲ್ಲ. ಅಂಥ ದೂರಿನಲ್ಲಿ ವಿಡಿಯೋ ಬಿಟ್ಟು, ಪುಟದ ಮಾತು ಮತ್ತು ಪ್ಯಾಕೆಟ್ ಮೇಲಿನ ದಿನಾಂಕ ಇವೆರಡನ್ನೇ ಬರೆಯಬೇಕು.